ಅಂಶದಲ್ಲಿ ಶೂನ್ಯವಿದ್ದಾಗ: ಒಂದು ಸೂತ್ರಕ್ಕೆ ಎರಡು ಸ್ಥಿತಿರೂಪಗಳು



ಬಸ್ಸು ರಸ್ತೆಯ ಉಬ್ಬನ್ನು ಹತ್ತಿದಾಗ ಒಳಗೆ ಕುಳಿತವರು ಮೇಲಕ್ಕೆ ನೆಗೆಯುತ್ತಾರಷ್ಟೆ. ನೆಲಕ್ಕೂ ಬಸ್ಸಿನ ಒಡಲಿಗೂ ನಡುವೆ ಸ್ಪ್ರಿಂಗು ಉಂಟು, ಷಾಕ್ ಅಬ್ಸಾರ್ಬರ್ ಉಂಟು. ನೆಲದ ಎತ್ತರವನ್ನು u ಎಂದೂ ಒಡಲಿನ ಎತ್ತರವನ್ನು y ಎಂದೂ ಕರೆಯೋಣ. ಸ್ಪ್ರಿಂಗಿನ ಬಲ ಈ ಎರಡು ಎತ್ತರಗಳ ಅಂತರವನ್ನು ಅನುಸರಿಸುತ್ತದೆ; ಅಬ್ಸಾರ್ಬರಿನ ಬಲವಾದರೋ ಎರಡರ ವೇಗಗಳ ಅಂತರವನ್ನು ಅನುಸರಿಸುತ್ತದೆ. ಬಾಯಿಲೆಕ್ಕಕ್ಕೆ ಅನುಕೂಲವಾಗಲೆಂದು ತೂಕ 2, ಸ್ಪ್ರಿಂಗಿನ ಬಿಗುಪು 4, ಅಬ್ಸಾರ್ಬರಿನ ತಡೆ 6 ಎಂದಿಟ್ಟುಕೊಳ್ಳೋಣ. ಕೇಳುವವರು ಕಾಗದ ಪೆನ್ಸಿಲು ಹಿಡಿದಿದ್ದರೆ ಒಳ್ಳೆಯದು.

```
2y'' = 4(u − y) + 6(u' − y')
```

ಅಕ್ಷರದ ತಲೆಯ ಮೇಲಿನ ಒಂದು ಗೀಟು ಬದಲಾವಣೆಯ ವೇಗ. ಎರಡು ಗೀಟು ಆ ವೇಗದ ವೇಗ. ಗೀಟಿಗೆ ಬದಲಾಗಿ s ಎಂಬ ಅಕ್ಷರವನ್ನು ಗುಣಕವಾಗಿ ಹಾಕಿ, ಎಲ್ಲವನ್ನೂ 2ರಿಂದ ಭಾಗಿಸಿದರೆ, y ಮತ್ತು uಗಳ ನಿಷ್ಪತ್ತಿ ಹೀಗಾಗುತ್ತದೆ:

```
y/u = (3s + 2) / (s² + 3s + 2)
```

ಇದೇ ಟ್ರಾನ್ಸ್‌ಫರ್ ಫಂಕ್ಷನ್. s ಎಂಬುದು −2/3 ಆದಾಗ ಮೇಲಿನ ಅಂಶ ಸೊನ್ನೆಯಾಗುತ್ತದೆ. ಆ ಬೆಲೆಗೆ ಫಂಕ್ಷನ್ನಿನ 'ಶೂನ್ಯ' ಎಂದು ಹೆಸರು. 2ರಿಂದ ಭಾಗಿಸಿದ್ದು ಅಂದಕ್ಕಲ್ಲ. ಛೇದದ ಮೊದಲ ಗುಣಕ 1 ಆಗಿರದ ಹೊರತು ಮುಂದಿನ ಯಾವ ರೂಪವೂ ಸರಿಯಾಗಿ ಇಳಿಯದು.

ಈಗ ಇದನ್ನು ಸ್ಥಿತಿಸಮೀಕರಣವಾಗಿ, ಎಂದರೆ ಒಂದೊಂದು ಗೀಟು ಮಾತ್ರವುಳ್ಳ ಜೋಡಿ ಸಮೀಕರಣವಾಗಿ ಬರೆಯಬೇಕು. ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ ನನ್ನ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಬಂದಾಗ ತೊಡಕೆಂದು ತೋರಿಸುವ ಜಾಗ ಇದೇ. ಅಂಶದಲ್ಲಿ ಬರಿಯ ಸಂಖ್ಯೆಯಿದ್ದರೆ ತೊಡಕಿಲ್ಲ: ಎತ್ತರವೊಂದು ಸ್ಥಿತಿ, ವೇಗವೊಂದು ಸ್ಥಿತಿ, ಮುಗಿಯಿತು. ಅಂಶದಲ್ಲಿ 3s ಇರುವಾಗ ಹಾಗೆಯೇ ಮಾಡಹೋದರೆ ಎರಡನೆಯ ಸಮೀಕರಣದಲ್ಲಿ u' ಬಂದು ಕುಳಿತುಕೊಳ್ಳುತ್ತದೆ. ಚಕ್ರ ಕಲ್ಲುಚಪ್ಪಡಿಯನ್ನು ಥಟ್ಟನೆ ಹತ್ತಿದ ಗಳಿಗೆಯಲ್ಲಿ u' ಎಂಬುದಕ್ಕೆ ಮಿತಿಯೇ ಇಲ್ಲ. ಅಳತೆಯಲ್ಲಿ ಸ್ವಲ್ಪ ನಡುಕವಿದ್ದರೂ ಅದರ ವೇಗವನ್ನು ತೆಗೆಯುವಾಗ ಆ ನಡುಕ ಹತ್ತುಪಟ್ಟು ಹಿಗ್ಗಬಹುದು. ಆದುದರಿಂದ u' ಬರದಂತೆ ಬರೆಯುವುದೇ ಇಲ್ಲಿಯ ಜಾಣತನ. ಅದಕ್ಕೆ ಎರಡು ದಾರಿಗಳುಂಟು.

ಮೊದಲನೆಯದು ನಿಯಂತ್ರಣೀಯ ರೂಪ. ಅಂಶವನ್ನು ಸ್ವಲ್ಪ ಹೊತ್ತು ಮರೆತು, ಛೇದವೊಂದೇ ಇದ್ದಂತೆ z ಎಂಬ ನಡುವಿನ ಪರಿಮಾಣವೊಂದನ್ನು ಕಲ್ಪಿಸಿಕೊಳ್ಳಿ: z'' + 3z' + 2z = u. ವ್ಯವಸ್ಥೆ ರೇಖೀಯ, ಗುಣಕಗಳು ಸ್ಥಿರ. ಆದ್ದರಿಂದ u ಕೊಟ್ಟಾಗ z ಬರುವುದಾದರೆ, 3u' + 2u ಕೊಟ್ಟಾಗ 3z' + 2z ಬರಲೇಬೇಕು. ನಮಗೆ ಬೇಕಾದ y ಅದೇ ಅಲ್ಲವೆ? ಗೀಟು uವಿನ ತಲೆಯಿಂದ ಇಳಿದು zನ ತಲೆಗೆ ಏರಿತು. Z' ಹೇಗೂ ನಮ್ಮ ಕೈಯಲ್ಲೇ ಇರುವ ಸ್ಥಿತಿ. z ಅನ್ನು x1 ಎಂದೂ z' ಅನ್ನು x2 ಎಂದೂ ಕರೆದರೆ:

```
x1' = x2
x2' = −2x1 − 3x2 + u
y   =  2x1 + 3x2
```

ಛೇದದ ಗುಣಕಗಳು ಚಿಹ್ನೆ ಬದಲಿಸಿ ಎರಡನೆಯ ಸಾಲಿಗೆ ಬಂದವು. ಅಂಶದ ಗುಣಕಗಳು ಹಿಂದುಮುಂದಾಗಿ y ಸಾಲಿಗೆ ಇಳಿದವು. ಹಿಂದುಮುಂದು ಎಂಬುದನ್ನು ಗಮನಿಸತಕ್ಕದ್ದು: s ಇಲ್ಲದ 2 ಮೊದಲು, sನ 3 ಆಮೇಲೆ. ಅದಲುಬದಲಾಗಿದ್ದರೆ ಪತ್ತೆಹಚ್ಚಲು ಸುಲಭ ಉಪಾಯವಿದೆ. ಬಸ್ಸನ್ನು ಒಂದು ಅಡಿಯ ದಿಬ್ಬದ ಮೇಲೆ ನಿಲ್ಲಿಸಿ ಕಾಯಿರಿ. ಕುಲುಕಾಟ ನಿಂತ ಮೇಲೆ x2 ಸೊನ್ನೆ, x1 ಅರ್ಧ, y ಒಂದು ಅಡಿ, ಆಗಲೇಬೇಕಾದ್ದು ಅದೇ. ಗುಣಕಗಳನ್ನು ತಪ್ಪಾಗಿ ಬರೆದಿದ್ದರೆ ಬಸ್ಸು ಒಂದಡಿಯ ದಿಬ್ಬದ ಮೇಲೆ ಒಂದೂವರೆ ಅಡಿ ಏರಿ ನಿಂತಂತೆ ಉತ್ತರ ಬರುತ್ತದೆ.

ಎರಡನೆಯದು ವೀಕ್ಷಣೀಯ ರೂಪ. ಇಲ್ಲಿ ಕಲ್ಪಿತ z ಬೇಡ. y'' + 3y' + 2y = 3u' + 2u ಎಂಬುದರಲ್ಲಿ ಗೀಟು ಉಳ್ಳವನ್ನೆಲ್ಲ ಒಂದು ಕಡೆಗೆ, ಇಲ್ಲದವನ್ನು ಇನ್ನೊಂದು ಕಡೆಗೆ ಸರಿಸಿ. ಎಡಗಡೆ y' + 3y − 3u ಎಂಬ ಗಂಟಿಗೆ ಒಟ್ಟಾಗಿ ಒಂದು ಗೀಟು. ಬಲಗಡೆ 2u − 2y. ಆ ಗಂಟನ್ನೇ w1 ಎನ್ನಿ, y ಅನ್ನು w2 ಎನ್ನಿ:

```
w1' = −2w2 + 2u
w2' = w1 − 3w2 + 3u
y   = w2
```

ಈಗ ಅಂಶದ ಗುಣಕಗಳು uವಿನ ಪಕ್ಕಕ್ಕೆ ಬಂದಿವೆ. ಮೊದಲ ರೂಪದ ಮಾತೃಕೆಯ ಅಡ್ಡಸಾಲುಗಳನ್ನು ಕಂಬಸಾಲುಗಳಾಗಿ ತಿರುಗಿಸಿದರೆ ಇದೇ ಸಿಗುತ್ತದೆ. ನಮ್ಮ ವ್ಯಾಕರಣದಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದಿಲ್ಲವೆ, ಹಾಗೆ: ಹೇಳುವ ಸಂಗತಿ ಒಂದೇ, ಯಾವುದನ್ನು ಮುಂದಿಡುತ್ತೇವೆ ಎಂಬುದು ಬೇರೆ. ಆದರೆ w1 ಎಂಬುದು ಒಡಲಿನ ವೇಗವಲ್ಲ, ಒಂದು ಗಂಟು ಎಂಬುದನ್ನು ಮರೆಯಬಾರದು. ಆರಂಭದ ಬೆಲೆ ಹಾಕುವಾಗ ವೇಗವನ್ನು ನೇರವಾಗಿ ಅಲ್ಲಿ ತುಂಬಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಅಂಶದಲ್ಲೂ s² ಇದ್ದರೆ ಮೊದಲು ಭಾಗಾಕಾರ ಮಾಡಬೇಕು. ಉದಾಹರಣೆಗೆ s² + 6s + 4 ಅನ್ನು ನಮ್ಮ ಛೇದದಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 3s + 2. ಆ 1 ಎಂಬುದು u ನೇರವಾಗಿ yಗೆ ಸೇರುವ ಪಾಲು. Y ಸಾಲಿಗೆ ಹೋಗುವವು ಶೇಷದ 2 ಮತ್ತು 3, ಮೂಲದ 4 ಮತ್ತು 6 ಅಲ್ಲ.

ಹಾಗಾದರೆ ಎರಡು ರೂಪಗಳಲ್ಲಿ ಯಾವುದನ್ನು ಬರೆದರೂ ಒಂದೇ ಏನು? ಬಸ್ಸಿನ ಮಟ್ಟಿಗೆ ಹೌದು. ಅಂಶ ಸೊನ್ನೆಯಾಗುವಲ್ಲಿ ಛೇದದಲ್ಲಿ ತೂಕದ ಪದ ಉಳಿದೇ ಉಳಿಯುತ್ತದೆ, ಆದ್ದರಿಂದ ಎರಡೂ ಒಟ್ಟಿಗೆ ಸೊನ್ನೆಯಾಗಲಾರವು. ಆದರೆ ಬೇರೊಂದು ಯಂತ್ರದ ಅಂಶ s + 1, ಛೇದ ಅದೇ s² + 3s + 2 ಎನ್ನಿ. ಛೇದವನ್ನು (s + 1)(s + 2) ಎಂದು ಒಡೆದರೆ s + 1 ಮೇಲೆ ಕೆಳಗೆ ಹೊಡೆದುಹೋಗುತ್ತದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರುಡಾಲ್ಫ್ ಕಾಲ್‌ಮನ್ ಅವರು 1960ರಲ್ಲಿ ಮಾಸ್ಕೋ ಸಮ್ಮೇಳನದಲ್ಲಿ ನಿಯಂತ್ರಣೀಯತೆ, ವೀಕ್ಷಣೀಯತೆ ಎಂಬ ಕಲ್ಪನೆಗಳನ್ನು ಮುಂದಿಟ್ಟರು. ಹೊಡೆದುಹೋದದ್ದು ಎಲ್ಲಿ ಅಡಗಿದೆ ಎಂಬುದು ಆ ಕಲ್ಪನೆಗಳಿಂದ ತಿಳಿಯುತ್ತದೆ.

ನಿಯಂತ್ರಣೀಯ ರೂಪದಲ್ಲಿ y = x1 + x2. ಇದರ ವೇಗ ತೆಗೆದರೆ y' = −2y + u ಎಂದಷ್ಟೇ ಉಳಿಯುತ್ತದೆ. x1 ಅನ್ನು 1, x2 ಅನ್ನು −1 ಇಟ್ಟು, u ಏನನ್ನೂ ಕೊಡದೆ ಬಿಡಿ: ಒಳಗೆ ಎರಡೂ ಚಲಿಸುತ್ತಿವೆ, ಹೊರಗೆ y ಸೊನ್ನೆಯಾಗಿಯೇ ಇದೆ. ಚಲನೆ ಇದೆ, ಕಾಣದು. ವೀಕ್ಷಣೀಯ ರೂಪದಲ್ಲಿ ತಿರುಗಾಮುರುಗಾ: w1 − w2 ಎಂಬ ಅಂತರದ ವೇಗ ತೆಗೆದರೆ u ಎರಡು ಕಡೆಯಿಂದಲೂ ಬಂದು ಹೊಡೆದುಹೋಗಿ, ಅಂತರ ತನ್ನಷ್ಟಕ್ಕೆ ತಾನೇ ಕುಗ್ಗುತ್ತದೆ. ಅದರ ಪರಿಣಾಮ ಹೊರಗೆ ಕಾಣುತ್ತದೆ, ಆದರೆ uವಿನ ಕೈ ಅದನ್ನು ಮುಟ್ಟದು.

ಇಲ್ಲಿ ಅಡಗಿದ್ದು ಕುಗ್ಗುವ ಚಲನೆ, ಅಪಾಯವಿಲ್ಲ. ಅಂಶ s − 1, ಛೇದ (s − 1)(s + 2) ಆಗಿದ್ದರೆ? ಹೊಡೆದುಹಾಕಿದ ಮೇಲೆ ಉಳಿಯುವುದು ಅದೇ ಸೌಮ್ಯವಾದ 1/(s + 2). ನಿಯಂತ್ರಣೀಯ ರೂಪದಲ್ಲಿ ಬರೆದು x1, x2 ಎರಡನ್ನೂ 1ರಿಂದ ಆರಂಭಿಸಿದರೆ y ಸೊನ್ನೆಯಲ್ಲೇ ನಿಂತಿರುತ್ತದೆ, ಒಳಗಿನ ಎರಡು ಸ್ಥಿತಿಗಳೂ ಸೆಕೆಂಡಿಗೆ ಸುಮಾರು 2.7 ಪಟ್ಟಿನಂತೆ ಬೆಳೆಯುತ್ತಿರುತ್ತವೆ. ಹತ್ತು ಸೆಕೆಂಡು ಕಳೆಯುವಷ್ಟರಲ್ಲಿ ಒಂದು ಎಂಬುದು ಇಪ್ಪತ್ತೆರಡು ಸಾವಿರ ದಾಟಿರುತ್ತದೆ. ಹೊರಗಿನ ಮುಳ್ಳು ಮಾತ್ರ ಅಲುಗಿರುವುದಿಲ್ಲ. ಆದ್ದರಿಂದ ಹೊಡೆದುಹಾಕುವ ಮುನ್ನ ಅಂಶದ ಶೂನ್ಯಗಳನ್ನು ಒಂದೊಂದಾಗಿ ಛೇದದಲ್ಲಿ ಹಾಕಿ ನೋಡಬೇಕು. ನಮ್ಮ ಬಸ್ಸಿನ −2/3 ಅನ್ನು ಛೇದದಲ್ಲಿ ಹಾಕಿದರೆ 4/9 ಉಳಿಯುತ್ತದೆ, ಸೊನ್ನೆಯಲ್ಲ. ಅಲ್ಲಿ ಎರಡು ರೂಪಗಳಲ್ಲಿ ಯಾವುದನ್ನಾದರೂ ನಿಶ್ಚಿಂತೆಯಿಂದ ಬರೆಯಬಹುದು.