ಓಟ ರಕ್ತದಲ್ಲಿದೆಯೇ?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಟಿ.ವಿ.ಯಲ್ಲಿ ಮ್ಯಾರಥಾನ್ ನೋಡಿದರೆ ಮುಂದಿರುವವರು ಹೆಚ್ಚಾಗಿ ಕೀನ್ಯಾ, ಇಥಿಯೋಪಿಯಾದವರು. "ಅವರ ರಕ್ತವೇ ಹಾಗೆ" ಎಂದು ನಾವು ಹೇಳಿಬಿಡುತ್ತೇವೆ. ಈ ಮಾತನ್ನೇ ನಂಬಿ ನಮ್ಮ ಕರ್ನಾಟಕದಲ್ಲಿ ಒಮ್ಮೆ ಒಂದು ಯೋಜನೆ ನಡೆದಿತ್ತು. ಇಂದು ಅದನ್ನೇ ಹೇಳುತ್ತೇನೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಅಂಕೋಲಾ ಕಾಡುಗಳ ಅಂಚಿನಲ್ಲಿ ಸಿದ್ದಿ ಜನ ಇದ್ದಾರೆ. ಇವರ ಪೂರ್ವಜರನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ಕರೆತರಲಾಯಿತು. ಪೋರ್ಚುಗೀಸರು ಗೋವೆಗೆ ತಂದ ಗುಲಾಮರ ಸಂತತಿಯವರು ಇವರಲ್ಲಿ ಬಹಳ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ, ಊಟ, ವಸತಿ ಕೊಟ್ಟು ಅಥ್ಲೆಟಿಕ್ಸ್ ತರಬೇತಿ ಆರಂಭಿಸಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದವರು ನಮ್ಮ ರಾಜ್ಯದವರೇ ಆದ ಮಾರ್ಗರೆಟ್ ಆಳ್ವ. ಆಫ್ರಿಕಾದ ಮೂಲ ಇದೆ, ಆದ್ದರಿಂದ ಪದಕ ಬರುತ್ತದೆ ಎಂಬುದೇ ಆಗಿನ ಲೆಕ್ಕ. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು, ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿಯೂ ಸಿಕ್ಕಿತು. ಒಲಿಂಪಿಕ್ ಪದಕ ಬರಲಿಲ್ಲ. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು. ಹಲವು ಮಕ್ಕಳು ಊರಿಗೆ ಮರಳಿದರು.

ಲೆಕ್ಕ ಎಲ್ಲಿ ತಪ್ಪಿತು? ಮೊದಲನೆಯದು, ಆಫ್ರಿಕಾ ಒಂದೇ ಜನಾಂಗವಲ್ಲ. ಕೀನ್ಯಾದ ಓಟಗಾರರಲ್ಲಿ ಹೆಚ್ಚಿನವರು ರಿಫ್ಟ್ ಕಣಿವೆಯ ಎತ್ತರದ ನಾಡಿನ ಕಲೆಂಜಿನ್ ಸಮುದಾಯದವರು. 1968ರಲ್ಲಿ ಮೆಕ್ಸಿಕೊದಲ್ಲಿ 1,500 ಮೀಟರ್ ಗೆದ್ದ ಕಿಪ್‌ಚೋಗೆ ಕೀನೊ ಅಲ್ಲಿಯವರು. ಸಿದ್ದಿಗಳ ಆಫ್ರಿಕಾ ಮೂಲವಾದರೋ ಬಂಟು ಜನರದು ಎಂದು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಮೈಬಣ್ಣ, ಕೂದಲು ನೋಡಿ ಕಲೆಂಜಿನ್ನರನ್ನೂ ಸಿದ್ದಿಗಳನ್ನೂ ಒಂದೇ ಎಂದುಕೊಂಡದ್ದು ಮೊದಲ ತಪ್ಪು.

ಹಾಗಾದರೆ ಕಲೆಂಜಿನ್ನರಲ್ಲಿ ಓಟದ ವಂಶವಾಹಿ ಇದೆಯೇ? ಹುಡುಕಿದವರಿಗೆ ಅಂಥ ಒಂದು ವಂಶವಾಹಿ ಸಿಕ್ಕಿಲ್ಲ. ಆದರೆ ಮೈಕಟ್ಟಿಗೆ ಪಾಲಿಲ್ಲ ಎನ್ನುವಂತಿಲ್ಲ. ಅವರ ಮೀನಖಂಡ ತೆಳು. ಕಾಲಿನ ತುದಿಯ ಭಾರ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಬೀಸಬೇಕಾದ ಭಾರ; ಅದು ಕಡಿಮೆಯಾದಷ್ಟೂ ಅದೇ ವೇಗಕ್ಕೆ ಖರ್ಚಾಗುವ ಶಕ್ತಿ ಕಡಿಮೆ.

ಎರಡನೆಯದು ಎತ್ತರ. ಕಲೆಂಜಿನ್ನರ ಇಟೆನ್ ಊರು ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ಆಮ್ಲಜನಕ ಕಡಿಮೆಯಾದಾಗ ಮೂತ್ರಪಿಂಡ ಒಂದು ಹಾರ್ಮೋನನ್ನು ಹೆಚ್ಚು ಸ್ರವಿಸಿ ಕೆಂಪು ರಕ್ತಕಣಗಳನ್ನು ಬೆಳೆಸುತ್ತದೆ. ಈ ಲಾಭ ಚೆನ್ನಾಗಿ ಕಾಣಬೇಕಾದರೆ ಸುಮಾರು 2,000 ಮೀಟರಿಗೂ ಮೇಲೆ ವಾರಗಟ್ಟಲೆ ಇರಬೇಕು. ನಮ್ಮ ಬೆಂಗಳೂರು ಇರುವುದು 900 ಮೀಟರಿನ ಆಸುಪಾಸು. ನಂದಿ ಬೆಟ್ಟದ ತುದಿಯೂ 1,500 ಮೀಟರ್ ಮುಟ್ಟುವುದಿಲ್ಲ. ಅದಕ್ಕೇ ದೂರದ ಓಟದ ರಾಷ್ಟ್ರೀಯ ಶಿಬಿರಗಳು ಊಟಿಯಲ್ಲಿ ನಡೆದಿವೆ. ಆದರೆ ಎತ್ತರವೊಂದೇ ಸಾಲದು. ಸಾಕಾಗಿದ್ದರೆ ಟಿಬೆಟ್, ಪೆರು ನಾಡುಗಳಿಂದಲೂ ಕೀನ್ಯಾದಷ್ಟೇ ಓಟಗಾರರು ಬರಬೇಕಿತ್ತು.

ಮೂರನೆಯದು ಬಾಲ್ಯ. 2006ರ ಒಂದು ಅಧ್ಯಯನದಲ್ಲಿ ಕೀನ್ಯಾದ ಅಂತರರಾಷ್ಟ್ರೀಯ ಓಟಗಾರರಲ್ಲಿ ಸುಮಾರು ನೂರಕ್ಕೆ 80 ಮಂದಿ ಶಾಲೆಗೆ ಓಡಿಕೊಂಡೇ ಹೋದವರು. ಓಟಗಾರರಲ್ಲದವರಲ್ಲಿ ಹೀಗೆ ಹೋದವರು ನೂರಕ್ಕೆ 22. ಹತ್ತು ವರ್ಷ ದಿನವೂ ಓಡಿದ ಮಗುವಿನ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿತಿರುತ್ತದೆ. ಆದರೂ ಓಡಿದವರೆಲ್ಲ ಚಾಂಪಿಯನ್ನರಾಗಲಿಲ್ಲ. ಬಸ್ಸಿಲ್ಲದ ಹಳ್ಳಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ.

ನಾಲ್ಕನೆಯದು ಸುತ್ತಲಿನ ಬದುಕು. ಇಟೆನ್‌ನಲ್ಲಿ ಬೆಳಿಗ್ಗೆ ನೂರಾರು ಜನ ಗುಂಪಾಗಿ ಓಡುತ್ತಾರೆ. ಪಕ್ಕದ ಮನೆಯವನು ವಿದೇಶದ ಓಟದಲ್ಲಿ ಗೆದ್ದ ಹಣದಿಂದ ಹೊಲ ಕೊಂಡದ್ದನ್ನು ಹುಡುಗ ಕಣ್ಣಾರೆ ಕಂಡಿರುತ್ತಾನೆ. ಸಾವಿರಾರು ಜನ ಪ್ರಯತ್ನಿಸಿದಾಗ ಅದರಲ್ಲಿ ಹತ್ತಾರು ಜನ ಉಳಿಯುತ್ತಾರೆ. ಗೆದ್ದವರಷ್ಟೇ ನಮ್ಮ ಟಿ.ವಿ.ಗೆ ಕಾಣುತ್ತಾರೆ.

ಈಗ ಸಿದ್ದಿ ಯೋಜನೆಗೆ ಮರಳೋಣ. ಎತ್ತರದ ನಾಡಿಲ್ಲ. ಸಾವಿರಾರು ಜನರ ಪೈಪೋಟಿಯ ಬದಲು ಆರಿಸಿದ ಕೆಲವೇ ಮಕ್ಕಳು. ಜೊತೆಗೆ ಮನೆಯಿಂದ ದೂರದ ಹಾಸ್ಟೆಲು. ದೂರದ ಓಟಗಾರ ಮಾಗಲು ಎಂಟು ಹತ್ತು ವರ್ಷ ಬೇಕು. ಅಷ್ಟರೊಳಗೆ ಯೋಜನೆಯೇ ಮುಗಿದಿತ್ತು. ಸೋತದ್ದು ಆ ಮಕ್ಕಳ ರಕ್ತವಲ್ಲ, ರಕ್ತವೊಂದೇ ಸಾಕೆಂಬ ಎಣಿಕೆ.

ಇದರಿಂದ ನಮ್ಮ ಶಾಲೆಗೊಂದು ಮಾತಿದೆ. ಎಂಟನೇ ತರಗತಿಯ ಕ್ರೀಡಾಕೂಟದಲ್ಲಿ ಗೆಲ್ಲುವವನು ಎಷ್ಟೋ ಸಲ ಮೀಸೆ ಬೇಗ ಚಿಗುರಿದ ಹುಡುಗ, ಅಷ್ಟೇ. ಎತ್ತರ ನೋಡಿ, ಜಾತಿ ನೋಡಿ, ಒಂದೇ ದಿನದ ಓಟ ನೋಡಿ ಆರಿಸಬೇಡಿ. ಒಂದೇ ದೂರವನ್ನು ತಿಂಗಳಿಗೊಮ್ಮೆ ಎಲ್ಲ ಮಕ್ಕಳಿಂದಲೂ ಓಡಿಸಿ, ಸಮಯವನ್ನು ಮೂರು ವರ್ಷ ಒಂದು ಪುಸ್ತಕದಲ್ಲಿ ಬರೆದಿಡಿ. ಮೊದಲು ಬಂದವನಿಗಿಂತ, ಕೊನೆಯ ವರ್ಷವೂ ಸಮಯ ಇಳಿಸುತ್ತಲೇ ಇರುವ ಹುಡುಗಿಯ ಹೆಸರು ಆ ಪುಸ್ತಕದಲ್ಲಿ ತಾನಾಗಿ ಕಾಣುತ್ತದೆ.