ಈಟಿ ಹಿಡಿದು ಬಂದವರಿಗೆ ಕೂರಲು ಜಾಗ
(ಜುಮಾ ಖುತ್ಬಾದ ಸಾರಾಂಶ)



ಪರಿಚಯವಿಲ್ಲದ ನಂಬರಿನಿಂದ ನಮಗೆ ಬರುವ ಮೊದಲ ಮಾತು ಕೆಲವೊಮ್ಮೆ ಬೈಗುಳ, ಕೆಲವೊಮ್ಮೆ ಅಣಕ, ಇನ್ನು ಕೆಲವೊಮ್ಮೆ ‘ತಾಕತ್ತಿದ್ದರೆ ಇದಕ್ಕೆ ಉತ್ತರ ಕೊಡಿ’ ಎಂಬ ಸವಾಲು. ಮನೆಯ ಹುಡುಗರು ಅದಕ್ಕೆ ಎರಡರಷ್ಟು ಖಾರವಾಗಿ ಬರೆದು, ಅದರ ಸ್ಕ್ರೀನ್‌ಶಾಟನ್ನು ಗೆಳೆಯರಿಗೆ ಕಳಿಸಿ ಗೆದ್ದೆವೆಂದುಕೊಳ್ಳುತ್ತಾರೆ. ಮದೀನಾದಲ್ಲಿ ಇಸ್ಲಾಮ್ ಇನ್ನೂ ಕಣ್ಣು ಬಿಡುತ್ತಿದ್ದ ದಿನಗಳಲ್ಲಿ ಇಂಥದೇ ಒಂದು ಮೊದಲ ಮಾತು ಈಟಿಯೊಂದಿಗೆ ಬಂದಿತ್ತು. ಅದಕ್ಕೆ ಸಿಕ್ಕ ಉತ್ತರವನ್ನು ಇಂದು ಸ್ವಲ್ಪ ನಿಧಾನವಾಗಿ ನೋಡೋಣ.

ಕ್ರಿ.ಶ. 621. ಮೊದಲ ಅಕಬಾ ಪ್ರತಿಜ್ಞೆಯ ಬಳಿಕ ಪ್ರವಾದಿ(ಸ)ರು ಮುಸ್‌ಅಬ್ ಬಿನ್ ಉಮೈರ್(ರ)ರನ್ನು ಕುರ್‌ಆನ್ ಕಲಿಸಲೆಂದು ಯಸ್ರಿಬ್‌ಗೆ ಕಳಿಸಿದ್ದರು. ಅವರು ಅಸ್‌ಅದ್ ಬಿನ್ ಝುರಾರಾ(ರ)ರ ಮನೆಯಲ್ಲಿ ಉಳಿದಿದ್ದರು. ಒಂದು ದಿನ ಇಬ್ಬರೂ ಬನೂ ಝಫರ್‌ನವರ ತೋಟವೊಂದರಲ್ಲಿ ಕುಳಿತಿದ್ದಾಗ ಸುದ್ದಿ ಬನೂ ಅಬ್ದುಲ್ ಅಶ್‌ಹಲ್ ಗೋತ್ರದ ನಾಯಕ ಸಅದ್ ಬಿನ್ ಮುಆದ್‌ರಿಗೆ ಮುಟ್ಟಿತು. ಅಸ್‌ಅದ್ ಅವರ ಚಿಕ್ಕಮ್ಮನ ಮಗ. ಹಾಗಾಗಿ ಸ್ವತಃ ಹೋಗಿ ಜಗಳ ತೆಗೆಯಲು ಸಂಕೋಚ. ಇನ್ನೊಬ್ಬ ನಾಯಕ ಉಸೈದ್ ಬಿನ್ ಹುದೈರ್‌ರನ್ನು ಕಳಿಸಿದರು.

ಉಸೈದ್ ಈಟಿ ಹಿಡಿದು ಬರುವುದನ್ನು ದೂರದಿಂದಲೇ ಕಂಡ ಅಸ್‌ಅದ್(ರ), ಬರುತ್ತಿರುವವರು ತಮ್ಮ ಜನರ ನಾಯಕ ಎಂದು ಮುಸ್‌ಅಬ್‌ರಿಗೆ ತಿಳಿಸಿದರು. ‘ಹುಷಾರು, ಹೊಡೆಯಲು ಬಂದ’ ಎನ್ನಲಿಲ್ಲ. ಮುಸ್‌ಅಬ್‌ರದು ಒಂದೇ ಮಾತು: ಅವರು ಕುಳಿತರೆ ಮಾತಾಡುತ್ತೇನೆ.

ಉಸೈದ್ ಕೂರಲಿಲ್ಲ. ನಿಂತಲ್ಲೇ ಬೈದರು. ಅವರ ಮಾತಿನಲ್ಲಿ ಮೂರು ಸಂಗತಿಗಳಿದ್ದವು. ನಮ್ಮಲ್ಲಿನ ದುರ್ಬಲರನ್ನು ಮರುಳು ಮಾಡುತ್ತಿದ್ದೀರಿ ಎಂಬ ಆರೋಪ, ಇಲ್ಲಿಂದ ಹೊರಡಿ ಎಂಬ ಆಜ್ಞೆ, ಜೀವದ ಆಸೆಯಿದ್ದರೆ ಎಂಬ ಬೆದರಿಕೆ. ಮುಸ್‌ಅಬ್(ರ) ಈ ಮೂರರಲ್ಲಿ ಒಂದಕ್ಕೂ ಉತ್ತರ ಕೊಡಲಿಲ್ಲ. ನಾವು ಯಾರನ್ನೂ ಮರುಳು ಮಾಡಿಲ್ಲ ಎಂದು ವಾದಿಸಲೂ ಇಲ್ಲ, ಮೊದಲು ಈಟಿ ಕೆಳಗಿಡಿ ಎನ್ನಲೂ ಇಲ್ಲ. ಸ್ವಲ್ಪ ಕುಳಿತು ಕೇಳುತ್ತೀರಾ, ಹಿಡಿಸಿದರೆ ಒಪ್ಪಿಕೊಳ್ಳಿ, ಹಿಡಿಸದಿದ್ದರೆ ನಾವು ನಿಲ್ಲಿಸಿಬಿಡುತ್ತೇವೆ ಎಂದರು, ಅಷ್ಟೇ. ಅದು ನ್ಯಾಯದ ಮಾತು ಎಂದು ಒಪ್ಪಿದ ಉಸೈದ್, ಈಟಿಯನ್ನು ತಾವೇ ನೆಲಕ್ಕೆ ನೆಟ್ಟು ಕುಳಿತರು.

ಆ ಉತ್ತರದ ಎರಡನೆಯ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. ‘ಬನ್ನಿ, ಕೂರಿ’ ಎನ್ನುವುದು ಅಷ್ಟು ಕಷ್ಟವಲ್ಲ. ‘ನಿಮಗೆ ಬೇಡವಾದರೆ ನಿಲ್ಲಿಸುತ್ತೇವೆ’ ಎನ್ನುವುದು ಕಷ್ಟ. ಬಂದವರು ಎದ್ದು ಹೋದರೆ ಅವರ ಮಾನಕ್ಕೆ ಕುಂದಿಲ್ಲ, ಕುಳಿತರೂ ಸೋತಂತಲ್ಲ. ಸವಾಲು ಹಾಕಿ ಬಂದವರಿಗೆ ಹಿಂದೆ ಸರಿಯಲು ದಾರಿಯೇ ಇಲ್ಲದಂತೆ ಮಾಡಿದರೆ ಈಟಿ ನೆಲಕ್ಕೆ ಇಳಿಯುವುದಿಲ್ಲ. ಮುಸ್‌ಅಬ್‌ರ ಮಾತು ಕೇಳಿ, ಕುರ್‌ಆನ್ ಆಲಿಸಿದ ಉಸೈದ್(ರ) ಅಲ್ಲೇ ಇಸ್ಲಾಮ್ ಸ್ವೀಕರಿಸಿದರು. ಆಮೇಲೆ ಉಪಾಯ ಮಾಡಿ ಸಅದ್‌ರನ್ನೂ ಅಲ್ಲಿಗೆ ಕಳಿಸಿದರು. ಸಅದ್ ಕೂಡ ಸಿಟ್ಟಿನಿಂದಲೇ ಬಂದರು. ಅವರಿಗೂ ಸಿಕ್ಕಿದ್ದು ಅದೇ ಉತ್ತರ, ಒಂದು ಮಾತೂ ಹೆಚ್ಚಿಲ್ಲ.

ಇಂದು ನಮಗೆ ಬರುವ ಸವಾಲಿಗೆ ಇದೇ ಅಳತೆಯ ಉತ್ತರ ಸಾಕು: ‘ನಿಮ್ಮ ಪ್ರಶ್ನೆ ಓದಿದೆವು. ಒಂದು ದಿನ ಎದುರೆದುರು ಕುಳಿತು ಮಾತಾಡೋಣವೇ? ನಮ್ಮ ಮಾತು ಸರಿ ಕಾಣದಿದ್ದರೆ ಅಲ್ಲಿಗೇ ಬಿಡೋಣ.’ ಬೈಗುಳದ ಭಾಗವನ್ನು ಮುಟ್ಟುವುದೇ ಬೇಡ. ಅವರು ಬೇಡವೆಂದರೆ ನಿಜವಾಗಿಯೂ ನಿಲ್ಲಿಸಬೇಕು. ಮರುದಿನ ಹತ್ತು ವೀಡಿಯೊ ಕಳಿಸಿದರೆ ಕೊಟ್ಟ ಮಾತು ಸುಳ್ಳಾಗುತ್ತದೆ.

ಎಲ್ಲರೂ ಉಸೈದ್ ಆಗುವುದಿಲ್ಲ, ನಿಜ. ಕೆಲವರು ಸಲಾಮ್ ಹೇಳುವಂತೆ ನಟಿಸಿ ‘ನಿಮಗೆ ಸಾವು ಬರಲಿ’ ಎಂದು ಪ್ರವಾದಿ(ಸ)ರನ್ನೇ ಅಣಕಿಸಿದ್ದರು. ಆಯಿಶಾ(ರ) ಸಿಟ್ಟಿನಿಂದ ಶಪಿಸಿದಾಗ ಪ್ರವಾದಿ(ಸ)ರು ಸೌಮ್ಯತೆಯಿರಲಿ ಎಂದು ತಡೆದರು. ತಾವು ಕೊಟ್ಟ ಉತ್ತರ ‘ವ ಅಲೈಕುಮ್’, ನಿಮಗೂ ಎಂಬುದಷ್ಟೇ. ಅಲ್ಲಾಹನ ವಚನಗಳನ್ನು ಗೇಲಿ ಮಾಡುವ ಕೂಟದಲ್ಲಿ ಕೂರಬಾರದೆಂದು ಸೂರಾ ಅನ್ನಿಸಾದ 140ನೇ ಆಯತ್ ಆದೇಶಿಸುತ್ತದೆ. ಆದರೆ ಆ ಆದೇಶಕ್ಕೆ ಒಂದು ಗಡುವಿದೆ, ಅವರು ಬೇರೆ ಮಾತಿಗೆ ಹೊರಳುವ ತನಕ. ಎದ್ದು ಬರುವುದು ಅಲ್ಲಿ ಸಂಬಂಧ ಕಡಿದುಕೊಳ್ಳುವುದಲ್ಲ. ಇನ್ನು ಹೊಡೆಯುತ್ತೇವೆ, ಸುಡುತ್ತೇವೆ ಎಂಬ ಬೆದರಿಕೆ ಬಂದರೆ ಉತ್ತರ ಬರೆಯುತ್ತಾ ಕೂರಬೇಡಿ. ಸಂದೇಶವನ್ನು ಅಳಿಸದೆ, ಹಿರಿಯರೊಬ್ಬರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ.

ಅಂದು ಸಂಜೆಯೊಳಗೆ ಸಅದ್(ರ)ರ ಇಡೀ ಗೋತ್ರ ಇಸ್ಲಾಮಿಗೆ ಬಂತು, ಒಬ್ಬರ ಹೊರತು. ಅವರು ಉಸೈರಿಮ್ ಎಂದು ಕರೆಯಲ್ಪಡುತ್ತಿದ್ದ ಅಮ್ರ್ ಬಿನ್ ಸಾಬಿತ್. ಅವರು ತಮ್ಮ ಜನರ ನಡುವೆಯೇ, ಒಪ್ಪದೆಯೇ, ವರ್ಷಗಳ ಕಾಲ ಬದುಕಿದರು. ಹಿಜ್ರಾ 3ರಲ್ಲಿ ಉಹುದ್ ಯುದ್ಧದ ದಿನ ಅವರೇ ವಿಶ್ವಾಸವಿರಿಸಿ, ಖಡ್ಗ ಹಿಡಿದು ರಣರಂಗಕ್ಕೆ ಬಂದು ಹುತಾತ್ಮರಾದರು. ಒಂದು ನಮಾಝನ್ನೂ ನಿರ್ವಹಿಸದೆ ಸ್ವರ್ಗ ಸೇರಿದವರು ಯಾರೆಂದು ಅಬೂ ಹುರೈರಾ(ರ) ಜನರನ್ನು ಕೇಳುತ್ತಿದ್ದುದು ಇವರ ಬಗ್ಗೆಯೇ. ಅದೇ ಉಹುದ್‌ನಲ್ಲಿ, ಅದೇ ದಿನ, ಧ್ವಜ ಹಿಡಿದಿದ್ದ ಮುಸ್‌ಅಬ್(ರ) ಕೂಡ ಹುತಾತ್ಮರಾದರು.