ಹೆಸರಿಲ್ಲದ ಜಾಹೀರಾತಿಗೆ ಅರ್ಜಿ: ಯಾರನ್ನು ಹೇಗೆ ಸಂಬೋಧಿಸಬೇಕು?

(ಪದವಿ ಅಂತಿಮ ವರ್ಷದ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಉದ್ಯೋಗ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)

ಸಂಸ್ಥೆಯ ಗೌರವಾನ್ವಿತ ಅಧ್ಯಕ್ಷರೇ, ಪದಾಧಿಕಾರಿಗಳೇ, ಪ್ರಾಚಾರ್ಯರೇ, ಗುರುಬಳಗದವರೇ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಿಂದ ಬಂದಿರುವ ನನ್ನ ಪ್ರೀತಿಯ ವಿದ್ಯಾರ್ಥಿ-ವಿದ್ಯಾರ್ಥಿನಿಯರೇ, ಎಲ್ಲರಿಗೂ ಅಸ್ಸಲಾಮು ಅಲೈಕುಮ್, ನಮಸ್ಕಾರ.

ಈಗ ನಾನು ನಿಮ್ಮನ್ನೆಲ್ಲ ಒಬ್ಬೊಬ್ಬರಾಗಿ ಸಂಬೋಧಿಸಿದೆ. ಎದುರಿಗೆ ಯಾರು ಕುಳಿತಿದ್ದಾರೆಂಬುದು ಕಾಣುತ್ತಿದ್ದುದರಿಂದ ಅದು ಸುಲಭವಾಯಿತು. ಇ-ಮೇಲ್‌ನಲ್ಲಿ ಈ ಅನುಕೂಲವಿಲ್ಲ. ಜಾಹೀರಾತಿನಲ್ಲಿ ಹುದ್ದೆಯ ಹೆಸರು, ವಿದ್ಯಾರ್ಹತೆ, ಒಂದು ಇ-ಮೇಲ್ ವಿಳಾಸ ಇಷ್ಟೇ ಇರುತ್ತದೆ. ಯಾರಿಗೆ ಬರೆಯಬೇಕೆಂಬುದು ಇರುವುದಿಲ್ಲ. ಆಗ ನಮ್ಮ ಮಕ್ಕಳು ಮೂರರಲ್ಲಿ ಒಂದನ್ನು ಮಾಡುತ್ತಾರೆ. ಸಂಬೋಧನೆಯನ್ನೇ ಬಿಟ್ಟು ಬಯೋಡಾಟಾ ಮಾತ್ರ ಲಗತ್ತಿಸಿ ಕಳಿಸುತ್ತಾರೆ, ಇಲ್ಲವೇ ಹೈಸ್ಕೂಲಿನಲ್ಲಿ ರಜೆ ಅರ್ಜಿಗೆ ಕಲಿತ 'ರೆಸ್ಪೆಕ್ಟೆಡ್ ಸರ್' ಹಾಕುತ್ತಾರೆ, ಇಲ್ಲವೇ ಊಹಿಸಿ ಯಾರದೋ ಹೆಸರು ಬರೆಯುತ್ತಾರೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಇಂಥ ಅರ್ಜಿಯನ್ನು ಹುದ್ದೆಗೆ ಬರೆಯಬೇಕು, ಊಹೆಯ ಮನುಷ್ಯನಿಗಲ್ಲ. ಇದು ನಮಗೆ ಹೊಸದೇನೂ ಅಲ್ಲ. ನಮ್ಮ ಸರಕಾರಿ ಕಚೇರಿಗಳಿಗೆ ಹೋಗುವ ಪ್ರತಿ ಕನ್ನಡ ಅರ್ಜಿಯೂ 'ಇವರಿಗೆ, ಮಾನ್ಯ ತಹಶೀಲ್ದಾರರು, ಹುನಗುಂದ' ಎಂದೇ ಶುರುವಾಗುತ್ತದೆ. ತಹಶೀಲ್ದಾರರ ಹೆಸರನ್ನು ಯಾರೂ ಬರೆಯುವುದಿಲ್ಲ. ಇವತ್ತು ಇದ್ದವರಿಗೆ ನಾಳೆ ವರ್ಗವಾಗಬಹುದು, ಅರ್ಜಿ ಮಾತ್ರ ಆ ಕುರ್ಚಿಗೆ ಹೋಗಿ ಮುಟ್ಟಬೇಕು. ಅದರ ಕೆಳಗೆ ಬರುವ 'ಮಾನ್ಯರೇ' ಎಂಬ ಒಂದೇ ಶಬ್ದ ಗಂಡಸರಿಗೂ ಹೆಂಗಸರಿಗೂ, ಒಬ್ಬರಿಗೂ ಹತ್ತು ಜನರಿಗೂ ಒಪ್ಪುತ್ತದೆ. ಕನ್ನಡದ ಈ ಸೌಲಭ್ಯ ಇಂಗ್ಲಿಷಿಗಿಲ್ಲ. ಅಲ್ಲಿ 'ಸರ್' ಎಂದರೆ ಗಂಡಸು, 'ಮೇಡಂ' ಎಂದರೆ ಹೆಂಗಸು. ಸಂಸ್ಥೆಗೆ ಬರೆಯುವಾಗ 'ಡಿಯರ್ ಸರ್ಸ್' ಎನ್ನುವ ಹಳೆಯ ರೂಢಿಯೊಂದಿತ್ತು. ಲಂಡನ್ನಿನ ಫ್ರೆಶ್‌ಫೀಲ್ಡ್ಸ್ ಎಂಬ ದೊಡ್ಡ ವಕೀಲ ಸಂಸ್ಥೆ 2016ರಲ್ಲಿ ಅದನ್ನು ಕೈಬಿಟ್ಟಿತು. ಓದುವವರಲ್ಲಿ ಹೆಂಗಸರೂ ಇರುತ್ತಾರೆ ಎಂಬುದೇ ಕಾರಣ.

ನಮ್ಮ ಜಿಲ್ಲೆಯಲ್ಲೂ ಹಾಗೆಯೇ. ಕಚೇರಿಯೊಂದರಲ್ಲಿ ಬಂದ ಅರ್ಜಿಗಳನ್ನು ತೆರೆದು, ಪ್ರಿಂಟ್ ತೆಗೆದು, ಮಾಲಕರ ಮೇಜಿಗೆ ಇಡುವ ಒಬ್ಬ ಅಕ್ಕನವರನ್ನು ನಾನು ಬಲ್ಲೆ. "ದಿನಾ ಎಲ್ಲಾರೂ ನನಗ ಸರ್ ಅಂತಾರ್ರೀ" ಎಂದು ಅವರು ನಗುತ್ತಾರೆ. ಅವರೇನೂ ಸಿಟ್ಟಾಗಿ ಅರ್ಜಿ ಎಸೆಯುವುದಿಲ್ಲ. ಆದರೆ 'ಸರ್/ಮೇಡಂ' ಎಂದು ಬರೆದವನು ಎದುರಿಗೆ ಯಾರಿರಬಹುದೆಂದು ಒಂದು ಕ್ಷಣ ಯೋಚಿಸಿದ್ದಾನೆ ಎಂಬುದು ಅವರಿಗೆ ತಿಳಿಯುತ್ತದೆ.

ಒಂದು ಉದಾಹರಣೆ ಮಾಡೋಣ. ಹುನಗುಂದದ ಒಬ್ಬ ಬಿ.ಕಾಂ. ವಿದ್ಯಾರ್ಥಿನಿ ಇಳಕಲ್ಲಿನ ಗ್ರಾನೈಟ್ ಕಚೇರಿಯೊಂದರ ಜಾಹೀರಾತು ನೋಡಿದ್ದಾಳೆ ಎಂದುಕೊಳ್ಳಿ. 'ಅಕೌಂಟ್ಸ್ ಅಸಿಸ್ಟೆಂಟ್ ಬೇಕಾಗಿದ್ದಾರೆ, ಟ್ಯಾಲಿ ಗೊತ್ತಿರಬೇಕು' ಎಂದಿದೆ. ಹೆಸರಿಲ್ಲ, ಇ-ಮೇಲ್ ಇದೆ, ಒಂದು ಫೋನ್ ನಂಬರ್ ಇದೆ. ಮೊದಲು ಅವಳು ಇ-ಮೇಲ್ ವಿಳಾಸವನ್ನೇ ಓದಬೇಕು. `hr@` ಎಂದಿದ್ದರೆ ನೇಮಕಾತಿ ನೋಡುವವರ ಮೇಜಿಗೆ ಹೋಗುತ್ತದೆ. `principal@` ಎಂದಿದ್ದರೆ ಪ್ರಾಚಾರ್ಯರಿಗೆ. `info@` ಎಂದಿದ್ದರೆ ಅದು ಎಲ್ಲರ ಬಾಗಿಲು. ಬಾದಾಮಿಯ ಹೋಟೆಲುಗಳಿಗೆ ಬರೆಯುವವರು ಇದನ್ನು ನೆನಪಿಡಿ. ಅಂಥ ವಿಳಾಸಕ್ಕೆ ಹೋದ ಮೇಲನ್ನು ರೂಮ್ ಬುಕಿಂಗ್ ನೋಡುವ ಹುಡುಗ ತೆರೆಯುತ್ತಾನೆ. ಆದ್ದರಿಂದ ಸಂಬೋಧನೆಯ ಕೆಳಗಿನ ಮೊದಲ ಸಾಲಿನಲ್ಲೇ 'ದಯವಿಟ್ಟು ಇದನ್ನು ನೇಮಕಾತಿ ನೋಡುವವರಿಗೆ ತಲುಪಿಸಿ' ಎಂದು ಬರೆಯುವುದು ಒಳ್ಳೆಯದು.

ಎರಡನೆಯದು ಫೋನ್. ನಂಬರ್ ಇದ್ದಾಗ ಒಂದು ಸಲ ಕೇಳುವುದರಲ್ಲಿ ಸಂಕೋಚ ಬೇಡ. "ನಮಸ್ಕಾರ ರೀ, ಅಕೌಂಟ್ಸ್ ಕೆಲಸದ ಜಾಹೀರಾತು ನೋಡಿದೆ. ಅರ್ಜಿ ಯಾರ ಹೆಸರಿಗೆ ಬರೀಬೇಕ್ರಿ?" ಇಷ್ಟು ಸಾಕು, ಸಂಬಳದ ಮಾತು ಆಗ ಎತ್ತಬಾರದು. ಉತ್ತರ ಮೂರು ಬಗೆಯಲ್ಲಿ ಬರಬಹುದು. "ಮ್ಯಾನೇಜರ್ ಸಾಹೇಬ್ರಿಗೆ ಬರೀರಿ" ಎಂದರೆ ಹುದ್ದೆಯೂ ತಿಳಿಯಿತು, ಗಂಡಸರೆಂದೂ ತಿಳಿಯಿತು. ಮೇಲೆ 'ದ ಮ್ಯಾನೇಜರ್', ಕೆಳಗೆ 'ಡಿಯರ್ ಸರ್'. ಹೆಸರನ್ನೇ ಹೇಳಿದರೆ ಇಂಗ್ಲಿಷಿನ ಸ್ಪೆಲ್ಲಿಂಗನ್ನೂ ಹುದ್ದೆಯನ್ನೂ ಕೇಳಿ ಬರೆದುಕೊಳ್ಳಬೇಕು. "ಸುಮ್ಮ ಮೇಲ್ ಹಾಕ್ರಿ" ಎಂದರೆ ಹೆಸರಿನ ಬೆನ್ನು ಹತ್ತುವುದನ್ನು ಅಲ್ಲಿಗೇ ಬಿಡಬೇಕು.

ನಮ್ಮ ಹುಡುಗಿಗೆ ಮೂರನೆಯ ಉತ್ತರ ಬಂತು ಎಂದುಕೊಳ್ಳೋಣ. ಅವಳ ಇ-ಮೇಲ್‌ನ ತಲೆ ಹೀಗಿರಬೇಕು:

```
Subject: Application for Accounts Assistant, Ilkal

Dear Sir/Madam,

I wish to apply for the post of Accounts Assistant
advertised by your office.
```

ಕೊನೆಯಲ್ಲಿ 'ಯುವರ್ಸ್ ಫೇತ್‌ಫುಲಿ'. ಸಂಬೋಧನೆಗೂ ಮುಕ್ತಾಯಕ್ಕೂ ನಂಟಿದೆ. ಮೇಲೆ 'ಸರ್' ಅಥವಾ 'ಮೇಡಂ' ಇದ್ದರೆ ಕೆಳಗೆ 'ಫೇತ್‌ಫುಲಿ', ಮೇಲೆ ಹೆಸರು ಹಿಡಿದು ಕರೆದಿದ್ದರೆ ಕೆಳಗೆ 'ಸಿನ್ಸಿಯರ್ಲಿ'. ಇದು ಬ್ರಿಟಿಷ್ ರೂಢಿ, ನಮ್ಮಲ್ಲೂ ಅದೇ ನಡೆದು ಬಂದಿದೆ. `Yours` ಶಬ್ದದಲ್ಲಿ `s` ಅಕ್ಷರದ ಮುಂಚೆ ಮೇಲ್ಚುಕ್ಕೆ ಬರುವುದಿಲ್ಲ. ನಾನು ನೋಡುವ ಅರ್ಜಿಗಳಲ್ಲಿ ಪದೇ ಪದೇ ಕಾಣುವ ತಪ್ಪಿದು.

'ರೆಸ್ಪೆಕ್ಟೆಡ್ ಸರ್' ತಪ್ಪೇ ಎಂದು ಕೇಳುತ್ತೀರಿ. ನಮ್ಮ ಊರಿನ ಶಾಲೆ-ಕಾಲೇಜುಗಳಲ್ಲಿ ಅದು ನಡೆಯುತ್ತದೆ, 'ರೆಸ್ಪೆಕ್ಟೆಡ್ ಸರ್/ಮೇಡಂ' ಎಂದರೆ ಇನ್ನೂ ಸರಿ. ಬೆಂಗಳೂರಿನ ಕಂಪನಿಗೋ ದುಬೈಗೋ ಬರೆಯುವಾಗ ಮಾತ್ರ ಅದು ಶಾಲೆಯ ಚೀಟಿಯಂತೆ ಕಾಣುತ್ತದೆ. ಅಲ್ಲಿಗೆ 'ಡಿಯರ್ ಹೈರಿಂಗ್ ಮ್ಯಾನೇಜರ್' ಎಂದು ಬರೆಯಿರಿ. ಅದೇ ಮಾತನ್ನು ಇಳಕಲ್ಲಿನ ಕಚೇರಿಗೆ ಬರೆದರೆ ಒಗ್ಗುವುದಿಲ್ಲ, ಆ ಹೆಸರಿನ ಹುದ್ದೆಯೇ ಅಲ್ಲಿರುವುದಿಲ್ಲ. ಕೆಲಸಕ್ಕೆ ತೆಗೆದುಕೊಳ್ಳುವವರು ಮಾಲಕರೇ. 'ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್' ಎಂಬುದು ಅನುಭವ ಪತ್ರದ, ನಡತೆ ಪ್ರಮಾಣಪತ್ರದ ತಲೆಬರಹ. ಅದನ್ನು ಯಾರು ಬೇಕಾದರೂ ಓದಬಹುದು ಎಂದು ಅದರ ಅರ್ಥ. ಅರ್ಜಿಯನ್ನು ಓದಬೇಕಾದವರು ಒಂದು ನಿರ್ದಿಷ್ಟ ಕಚೇರಿಯವರು, ಆದ್ದರಿಂದ ಅರ್ಜಿಗೆ ಅದು ಸಲ್ಲದು. 'ಗುಡ್ ಮಾರ್ನಿಂಗ್' ಕೂಡ ಬೇಡ. ನೀವು ಮುಂಜಾನೆ ಕಳಿಸಿದ್ದನ್ನು ಅವರು ರಾತ್ರಿ ಓದಬಹುದು.

ಊಹೆಯ ಹೆಸರಿನ ವಿಷಯಕ್ಕೆ ಬರುತ್ತೇನೆ. ಇ-ಮೇಲ್ ವಿಳಾಸದಲ್ಲೇ ಎರಡು ಇನಿಷಿಯಲ್ಲು, ಮುಂದೆ 'ಬಾದಾಮಿ' ಎಂದೋ 'ಹುನಗುಂದ' ಎಂದೋ ಇರುತ್ತದೆ. ನಮ್ಮ ಕಡೆ ಊರ ಹೆಸರೇ ಅಡ್ಡಹೆಸರು. ಅದು ಹಿಂದೂಗಳಲ್ಲೂ ಇದೆ, ಮುಸಲ್ಮಾನರಲ್ಲೂ ಇದೆ, ಅಣ್ಣನಿಗೂ ಅದೇ, ತಂಗಿಗೂ ಅದೇ. ಇನಿಷಿಯಲ್ ನೋಡಿ ಗಂಡೋ ಹೆಣ್ಣೋ, ಯಾವ ಮನೆತನದವರೋ ಹೇಳಲಾಗದು. ಅಷ್ಟರ ಮೇಲೆ 'ಮಿಸ್ಟರ್ ಬಾದಾಮಿ' ಎಂದು ಬರೆದು, ತೆರೆದವರು ಶ್ರೀಮತಿ ಬಾದಾಮಿಯಾಗಿದ್ದರೆ? ಅದು ಅವರ ಮೇಲೇ ಅಲ್ಲದೆ, ಕಚೇರಿಯ ಕಂಪ್ಯೂಟರ್ ಕೆಲಸದವನ ಮೇಲ್ ಐ.ಡಿ.ಯೂ ಆಗಿರಬಹುದು. ಹೆಸರು ಖಚಿತವಾಗಿ ಗೊತ್ತಿದ್ದು ಗಂಡೋ ಹೆಣ್ಣೋ ತಿಳಿಯದಿದ್ದರೆ ಮಿಸ್ಟರ್-ಮಿಸೆಸ್ ಬಿಟ್ಟು 'ಡಿಯರ್' ಮುಂದೆ ಪೂರ್ಣ ಹೆಸರು ಬರೆಯಿರಿ.

ಇನ್ನೊಂದು ಮಾತು, ನಮ್ಮ ಮನೆಗಳ ರೂಢಿಗೆ ಸಂಬಂಧಿಸಿದ್ದು. ಕಾಗದದ ನೆತ್ತಿಯ ಮೇಲೆ 786 ಬರೆಯುವುದು, ಸಲಾಮಿನಿಂದ ಶುರು ಮಾಡುವುದು ಹಿರಿಯರಿಂದ ಬಂದದ್ದು. ನಮ್ಮದೇ ಸಂಸ್ಥೆಗಳ ಉರ್ದು ಶಾಲೆಗೆ ಬರೆಯುವಾಗ ಸಲಾಮು ಸಹಜವಾದದ್ದೇ. ಆದರೆ ಯಾರು ಓದುತ್ತಾರೆಂದು ಗೊತ್ತಿಲ್ಲದ ಕಡೆಗೆ, ಎಲ್ಲರಿಗೂ ಒಪ್ಪುವ 'ಮಾನ್ಯರೇ' ಅಥವಾ 'ಡಿಯರ್ ಸರ್/ಮೇಡಂ' ಸಾಕು ಎಂಬುದು ನನ್ನ ಅಭಿಪ್ರಾಯ. ಉರ್ದುವಿನಲ್ಲಿ 'ಜನಾಬ್', 'ಮೊಹ್ತರಮಾ' ಎಂದು ಬರೆಯುವಾಗಲೂ ಗಂಡು-ಹೆಣ್ಣಿನ ತೊಡಕು ಇದ್ದೇ ಇದೆ.

ಭಾಷೆ ಯಾವುದಿರಬೇಕು? ಜಾಹೀರಾತು ಕನ್ನಡದಲ್ಲಿದ್ದರೆ ಅರ್ಜಿಯೂ ಕನ್ನಡದಲ್ಲಿರಲಿ. ಮೇಲೆ 'ಇವರಿಗೆ' ಎಂದು ಹುದ್ದೆ, ಸಂಸ್ಥೆ, ಊರು, ಕೆಳಗೆ 'ಮಾನ್ಯರೇ'. ನಮ್ಮ ಕಚೇರಿಗಳಲ್ಲಿ ಮೇಲನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕುವುದುಂಟು, ಆದ್ದರಿಂದ ಈ ಮೂರು ಸಾಲು ವ್ಯರ್ಥವಲ್ಲ. ಆದರೆ ಒಂದು ಎಚ್ಚರ ಬೇಕು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿ ಇ-ಮೇಲ್‌ಗೆ ಅಂಟಿಸಿದರೆ, ನೀವು ಬರೆದ 'ಮಾನ್ಯರೇ' ಆ ಕಡೆಯವರಿಗೆ `ªÀiÁ£ÀågÉÃ` ಎಂದು ಕಾಣುತ್ತದೆ. ಯೂನಿಕೋಡ್‌ನಲ್ಲೇ ಬರೆಯಬೇಕು. ಅನುಮಾನವಿದ್ದರೆ ಮೊದಲು ನಿಮ್ಮದೇ ವಿಳಾಸಕ್ಕೆ ಕಳಿಸಿ ಮೊಬೈಲಿನಲ್ಲಿ ತೆರೆದು ನೋಡಿ.

ಕಳಿಸುವ ಮುಂಚೆ ನೋಡಬೇಕಾದ್ದು ಇನ್ನೂ ಒಂದಿದೆ. ಒಂದೇ ಅರ್ಜಿಯನ್ನು ನಾಲ್ಕು ಕಡೆಗೆ ತಿದ್ದಿ ಕಳಿಸುವಾಗ ಹಿಂದಿನ ಸಂಬೋಧನೆ ಹಾಗೇ ಉಳಿದು, ಬಾಗಲಕೋಟೆಯ ಆಸ್ಪತ್ರೆಗೆ 'ಡಿಯರ್ ಪ್ರಿನ್ಸಿಪಾಲ್' ಎಂದು ಹೋಗುತ್ತದೆ. ಮೇಲ್‌ನಲ್ಲಿ ತಿದ್ದಿದರೂ ಲಗತ್ತಿಸಿದ ಅರ್ಜಿ ಪತ್ರದಲ್ಲಿ ಹಳೆಯದೇ ಇರುತ್ತದೆ. ಎರಡನ್ನೂ ತೆರೆದು, ಎರಡರಲ್ಲೂ ಒಂದೇ ಸಂಬೋಧನೆ ಇದೆಯೇ ಎಂದು ಓದಿ. ಇಪ್ಪತ್ತು ಕಚೇರಿಗಳ ವಿಳಾಸವನ್ನು ಒಂದೇ ಮೇಲ್‌ನಲ್ಲಿ ಸಾಲಾಗಿ ಹಾಕಿ ಕಳಿಸಿದರಂತೂ ಯಾವ ಸಂಬೋಧನೆಗೂ ಅರ್ಥವಿರುವುದಿಲ್ಲ, ಇಪ್ಪತ್ತೂ ಜನ ಅದನ್ನು ನೋಡುತ್ತಾರೆ.

ಉತ್ತರ ಬಂದಾಗ ಅದರ ಕೆಳಗಿನ ಸಹಿ ಓದಿ. ಅಲ್ಲಿ ಹೆಸರು, ಹುದ್ದೆ ಎರಡೂ ಇರುವುದುಂಟು. ಮುಂದಿನ ಮೇಲ್‌ನಲ್ಲಿ ಮತ್ತೆ 'ಡಿಯರ್ ಸರ್/ಮೇಡಂ' ಎನ್ನಬೇಡಿ, ಅವರು ಬರೆದುಕೊಂಡ ಹೆಸರನ್ನೇ, ಅದೇ ಸ್ಪೆಲ್ಲಿಂಗಿನಲ್ಲಿ, ಡಾಕ್ಟರ್ ಎಂದಿದ್ದರೆ ಅದನ್ನೂ ಸೇರಿಸಿ ಬರೆಯಿರಿ. ಆಗ ಕೆಳಗಿನ 'ಫೇತ್‌ಫುಲಿ' ಕೂಡ 'ಸಿನ್ಸಿಯರ್ಲಿ' ಆಗುತ್ತದೆ.

ನಿಮ್ಮಲ್ಲಿ ಯಾರಾದರೂ ಜಾಹೀರಾತಿನ ತುಣುಕು ತಂದಿದ್ದರೆ ಮುಂದೆ ಬನ್ನಿ, ಈಗಲೇ ಕುಳಿತು ಬರೆಯೋಣ.